ಐವತ್ತು ಪಿಕ್ಸೆಲ್ ಎತ್ತರದ ಪಟ್ಟಿ

ಮಂಜಿರಿ ಯಾವ ಜಾಹೀರಾತನ್ನೂ ಚಿಕ್ಕ ಅಳತೆಯಿಂದಲೇ ಶುರು ಮಾಡುತ್ತಿದ್ದಳು. ಬೀದರಿನ ಬೇರೆಯವರದು ಉಲ್ಟಾ ಲೆಕ್ಕ. ಮೊದಲು ದೊಡ್ಡ ಬ್ಯಾನರಿನಲ್ಲಿ ಮಾಲೀಕನ ಫೋಟೊ, ಅವರಪ್ಪನ ಫೋಟೊ, ಹಬ್ಬದ ಶುಭಾಶಯ ಎಲ್ಲ ತುರುಕುವುದು, ಆಮೇಲೆ ಅದನ್ನೇ ಕುಗ್ಗಿಸುತ್ತ ಹೋಗುವುದು. ಫೋನಿಗೆ ಬರುವಷ್ಟರಲ್ಲಿ ಅಕ್ಷರಗಳೆಲ್ಲ ಇರುವೆ ಸಾಲು. ಅವಳು ಮಾತ್ರ ಮುನ್ನೂರ ಇಪ್ಪತ್ತು ಪಿಕ್ಸೆಲ್ ಅಗಲ, ಐವತ್ತು ಪಿಕ್ಸೆಲ್ ಎತ್ತರದ ಪಟ್ಟಿಯನ್ನು ಮೊದಲು ತೆರೆಯುತ್ತಿದ್ದಳು. ಸುದ್ದಿ ಓದುವಾಗ ಫೋನಿನ ತಳದಲ್ಲಿ ಅಂಟಿಕೊಂಡಿರುತ್ತದಲ್ಲ, ಆ ಪಟ್ಟಿ. ಅಲ್ಲಿ ವಿಳಾಸಕ್ಕೆ ಜಾಗವಿಲ್ಲ, ವಿವರಣೆಗೆ ಜಾಗವಿಲ್ಲ, ಬಡಿವಾರಕ್ಕಂತೂ ಇಲ್ಲವೇ ಇಲ್ಲ. ಅಲ್ಲಿ ಉಳಿಯುವ ಮಾತು ಯಾವುದೆಂದು ಗೊತ್ತಾದ ಮೇಲೆ ದೊಡ್ಡ ಅಳತೆಗಳಿಗೆ ಒಂದೊಂದೇ ಸೇರಿಸುತ್ತ ಹೋಗಬಹುದು.

ಆ ಚಳಿಗಾಲದಲ್ಲಿ ಅವಳ ಕೈಗೆ ಬಂದದ್ದು ಮಾಲು ಮಾರುವ ಜಾಹೀರಾತಲ್ಲ, ಎಚ್ಚರಿಸುವುದು. ಬೀದರಿನ ಪಕ್ಕದ ಕೊಳಾರದಲ್ಲಿ ಭಾಲಚಂದ್ರ ಎಂಬುವರ ಕಾರ್ಖಾನೆ. ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ರಾಡ್ ಅಲ್ಲಿ ತಯಾರಾಗುತ್ತಿತ್ತು, ಹೆಸರು ತಾಪಶ್ರೀ. ಹಸಿರು ಹಿಡಿಕೆಯ ರಾಡುಗಳ ಒಂದು ಲಾಟಿನಲ್ಲಿ ಬುಡದ ಸೀಲು ಸರಿಯಾಗಿ ಕೂತಿರಲಿಲ್ಲ. ಒಳಗೆ ನೀರಿಳಿದರೆ ಬಕೆಟ್ಟಿನ ನೀರಿಗೇ ಕರೆಂಟು. ಮಾಲು ಆಗಲೇ ಭಾಲ್ಕಿ ಮತ್ತು ಔರಾದದ ಅಂಗಡಿಗಳಿಗೆ ಹೋಗಿ ಮನೆಮನೆ ಸೇರಿತ್ತು. ಆ ಎರಡು ತಾಲೂಕಿನ ಫೋನುಗಳಿಗೆ ಎಚ್ಚರಿಕೆ ತಲುಪಬೇಕಿತ್ತು.

ಮಂಜಿರಿ ಪಟ್ಟಿಯಲ್ಲಿ ಬರೆದದ್ದು ನಾಲ್ಕೇ ಮಾತು. ಹಸಿರು ಹಿಡಿಕೆಯ ರಾಡ್ ಹಚ್ಚಬೇಡಿ. ಹಳದಿ ನೆಲದ ಮೇಲೆ ದಪ್ಪ ಕಪ್ಪಕ್ಷರ. ಕಂಪನಿಯ ಹೆಸರೂ ಇಲ್ಲ, ಚಿತ್ರವೂ ಇಲ್ಲ. ಸುದ್ದಿಯ ನಡುವೆ ಬರುವ ಮುನ್ನೂರು–ಇನ್ನೂರೈವತ್ತರ ಚೌಕಕ್ಕೆ ರಾಡಿನ ಚಿತ್ರ ಸೇರಿಸಿದಳು. ಕಂಪ್ಯೂಟರಿನ ಪುಟದ ತಲೆಯ ಮೇಲೆ ಬರುವ ಒಂಬೈನೂರ ಎಪ್ಪತ್ತು–ಇನ್ನೂರೈವತ್ತರಲ್ಲಿ ಲಾಟ್ ನಂಬರು, ಅಂಗಡಿಗೆ ಮರಳಿಸಿ ಎಂಬ ವಿನಂತಿ, ಕಂಪನಿಯ ಲೋಗೊ ಎಲ್ಲಕ್ಕೂ ಜಾಗವಿತ್ತು. ಆದರೆ ಆ ನಾಲ್ಕು ಮಾತು ಎಲ್ಲದರಲ್ಲೂ ಎಲ್ಲಕ್ಕಿಂತ ದೊಡ್ಡದು.

ಭಾಲಚಂದ್ರ ಅವಳು ಕೆಲಸ ಮಾಡುವ ಜಾಹೀರಾತು ಏಜೆನ್ಸಿಗೆ ಬಂದು ದೊಡ್ಡದನ್ನು ನೋಡಿ ತಲೆಯಾಡಿಸಿದರು. ಪಟ್ಟಿಗೆ ಬಂದಾಗ ಅವರ ಮುಖ ಗಂಟಿಕ್ಕಿತು.

“ಇದರಾಗ ಲಾಟ್ ನಂಬರ್ ಎಲ್ಲ್ಯದ?”

“ಜಾಗ ಸಾಲೂದಿಲ್ರಿ. ಹಾಕಿದ್ರೂ ಓದಾಕ ಬರೂದಿಲ್ಲ,” ಅಂದಳು ಮಂಜಿರಿ.

“ನಮ್ಮ ರಾಡೆಲ್ಲ ಹಸಿರೇ ಅವ. ಇದನ್ನ ನೋಡಿ ಛಲೋ ಮಾಲೂ ವಾಪಸ್ ತಂದು ಒಗಿತಾರ. ಈ ಸಣ್ಣದರಾಗ ಲೋಗೊ ಹಾಕ್ರಿ, ರಾಡಿನ ಚಿತ್ರ ಹಾಕ್ರಿ, ‘ಪ್ರಿಯ ಗ್ರಾಹಕರಿಗೆ ಸೂಚನೆ’ ಅಂತ ಬರೀರಿ. ಒತ್ತಿದ್ರ ಪೂರಾ ಓದಬಹುದಲ್ಲ.”

“ಸಾವಿರ ಮಂದ್ಯಾಗ ಒಬ್ಬರು ಒತ್ತತಾರ್ರಿ. ಮತ್ತ ನಿಮ್ಮ ಮಾಲು ಹೋದ ಊರಾಗ ಎಲ್ಲಾರೂ ನೋಡೂದು ಈ ಪಟ್ಟೀನೇ. ದೊಡ್ಡದು ಕಂಪ್ಯೂಟರಿನ್ಯಾಗ ಬರ್ತದ. ಔರಾದದಾಗ ಮನ್ಯಾಗ ಕಂಪ್ಯೂಟರ್ ಇಟ್ಟವರು ಎಷ್ಟು ಮಂದಿ ಇದ್ದಾರ?”

ಇದನ್ನು ಕೇಳಿ ಭಾಲಚಂದ್ರರ ಮುಖ ಸಡಿಲಾಯಿತು. ಅವಳು ಎಚ್ಚರಿಸಲು ಹೇಳಿದ್ದನ್ನು ಅವರು ಸಲಹೆಯಂತೆ ತೆಗೆದುಕೊಂಡರು. “ಹಂಗಾದ್ರ ದೊಡ್ಡದು ನೀವು ಮಾಡಿದಂಗ ಇರಲಿ, ಯಾರರೆ ಕೇಳಿದ್ರ ತೋರಿಸಾಕ ಬರ್ತದ. ಬಿಲ್ಕುಲ್ ಕೈ ಹಚ್ಚಬ್ಯಾಡ್ರಿ. ಸಣ್ಣದು ಮಾತ್ರ ನಾ ಹೇಳಿದಂಗ,” ಎಂದು ಎದ್ದರು.

ಮಂಜಿರಿ ಏಜೆನ್ಸಿಯ ಮಾಲೀಕ ಮಕರಂದನ ಕಡೆ ನೋಡಿದಳು. ತಾಪಶ್ರೀ ಕೈಬಿಟ್ಟರೆ ಆ ಏಜೆನ್ಸಿಯ ಬಾಗಿಲು ತೆರೆಯುವ ಅಗತ್ಯವೇ ಇರಲಿಲ್ಲ. “ಅವರ ಜಾಹೀರಾತು, ಅವರ ಜಿಮ್ಮೇದಾರಿ. ನೀ ಯಾಕ ತಲಿ ಕೆಡಿಸ್ಕೋತಿ?” ಅಂದ ಅವನು.

ಅವಳು ಮಾಡಿಕೊಟ್ಟಳು. ಒಳ್ಳೆಯವರು ಕೆಟ್ಟ ಕೆಲಸ ಮಾಡುವಾಗ ಹೆಚ್ಚು ಅಚ್ಚುಕಟ್ಟಾಗಿ ಮಾಡುತ್ತಾರೆ. ಎಚ್ಚರಿಕೆ ಅಳಿಸಿದ ಜಾಗದಲ್ಲಿ ರಾಡು ಲಕಲಕ ಹೊಳೆಯಿತು, ಪಕ್ಕದಲ್ಲಿ ಲೋಗೊ, ಮೂರು ಸಭ್ಯ ಮಾತು. ನೋಡಿದವರಿಗೆ ಹೊಸ ರಾಡು ಬಂದಿದೆಯೇನೋ ಅನಿಸಬೇಕು, ಅಷ್ಟು ಚೆಂದ. ಒತ್ತಿದವರಿಗೆ ಪೂರ್ತಿ ಸೂಚನೆ ಸಿಗುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ವಾರದ ನಂತರ ವರದಿ ಬಂದಾಗ, ತೋರಿಸಿದ್ದೆಲ್ಲ ಹೆಚ್ಚೂಕಡಿಮೆ ಆ ಪಟ್ಟಿಯೇ ಆಗಿತ್ತು. ಒತ್ತಿದವರು ಬೆರಳೆಣಿಕೆಯಷ್ಟು. ಅವಳು ವರದಿ ಮುಚ್ಚಿ ಬೇರೆ ಕೆಲಸ ತೆರೆದಳು.

ಔರಾದ ತಾಲೂಕಿನ ಎಕಂಬಾದಲ್ಲಿ ಮಾಯಾ ಎಂಬ ಹೆಂಗಸು ಸತ್ತಳು. ಸ್ನಾನದ ನೀರು ಬೆಚ್ಚಗಾಯಿತೇ ಎಂದು ಬೆರಳದ್ದಿ ನೋಡಿದ್ದೇ ಕೊನೆ.

ಔರಾದದ ಸರ್ಕಾರಿ ಕಚೇರಿಯೊಂದರಲ್ಲಿ ವಿಚಾರಣೆ ಇಟ್ಟರು. ಲ್ಯಾಪ್‌ಟಾಪ್ ತೆಗೆದುಕೊಂಡು ಬನ್ನಿ, ಜಾಹೀರಾತು ತೋರಿಸಬೇಕು ಎಂದು ಭಾಲಚಂದ್ರ ಮಂಜಿರಿಯನ್ನೂ ಕರೆಸಿದ್ದರು. ಎದುರಿನ ಕುರ್ಚಿಯಲ್ಲಿ ಮಾಯಾಳ ಗಂಡ ಏಕನಾಥ. ಔರಾದದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಗಡ್ಡ ಬೆಳೆದಿತ್ತು, ಅಂಗಿಗೆ ಮಾತ್ರ ಇಸ್ತ್ರಿ ಇತ್ತು.

ಭಾಲಚಂದ್ರ ಹೇಳಿದಂತೆ ಮಂಜಿರಿ ದೊಡ್ಡ ಬ್ಯಾನರ್ ತೆರೆದಳು. ಅಧಿಕಾರಿ ಓದಿ, ಲ್ಯಾಪ್‌ಟಾಪನ್ನು ಮಾಸ್ತರರ ಕಡೆ ತಿರುಗಿಸಿದರು.

“ಈ ಜಾಹೀರಾತು ನೀವು ನೋಡಿದ್ರೇನ್ರಿ?”

“ತಾಪಶ್ರೀದು ಫೋನಿನ್ಯಾಗ ನೋಡೇನ್ರಿ. ಹಸಿರು ರಾಡಿನ ಚಿತ್ರ ಇತ್ತು. ಭಾಳ ಸಲ ಬಂತು.”

“ಕಂಪನಿ ಇಷ್ಟು ಸ್ಪಷ್ಟ ಬರದದಲ್ರಿ. ನೀವು ಮಾಸ್ತರು. ಓದಲಿಲ್ಲೇನು?”

ಏಕನಾಥ ಮುಂದೆ ಬಾಗಿದರು. ದೊಡ್ಡಕ್ಷರ ಓದಿದರು, ಸಣ್ಣಕ್ಷರ ಓದಿದರು, ಮತ್ತೆ ಮೊದಲಿನಿಂದ ಓದಿದರು. ಅವರ ತುಟಿಯ ಬಣ್ಣ ಇಳಿಯುತ್ತ ಹೋದದ್ದು ಮಂಜಿರಿಗೆ ಕಾಣುತ್ತಿತ್ತು.

“ಇಷ್ಟು ದೊಡ್ಡದಾಗಿ ಬರದಾರ,” ಅಂದರು ಏಕನಾಥ. “ನಂಗ್ಯಾಕ ಕಾಣಲಿಲ್ಲ? ನಾನೇ ಆಕಿಗಿ ತೋರಿಸೇನ್ರಿ. ನೋಡು, ನಮ್ಮ ಮನ್ಯಾಗಿನ ರಾಡಿನ ಕಂಪನಿದೇ ಬಂದದ ಅಂತ ಅಂದೆ. ನನ್ನ ಕೈಲಿನೇ ಹೋದ್ಲಲ್ರಿ ಆಕಿ.”

ಭಾಲಚಂದ್ರ ಕೈಕಟ್ಟಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಅಧಿಕಾರಿ ಆ ಹೇಳಿಕೆ ಬರೆದುಕೊಳ್ಳಲು ಪೆನ್ನು ತೆಗೆದರು. ಆ ಪೆನ್ನು ಕಾಗದಕ್ಕೆ ತಾಗಿದರೆ ಈ ಮನುಷ್ಯ ಹೆಂಡತಿಯನ್ನು ಕೊಂದದ್ದು ತಾನೇ ಎಂದು ನಂಬಿಕೊಂಡು ಬದುಕಬೇಕಾಗುತ್ತದೆ ಎಂದು ಮಂಜಿರಿಗೆ ಅನಿಸಿತು. ನಾಚಿಕೆಯಿಂದ ಅವಳ ಕಿವಿ ಉರಿಯಿತು. ಕೆಲಸ ಹೋಗುತ್ತದೆಂಬ ಹೆದರಿಕೆ ಇರಲಿಲ್ಲವೆಂದಲ್ಲ. ಇತ್ತು, ಚೆನ್ನಾಗಿಯೇ ಇತ್ತು.

“ಬರೀಬ್ಯಾಡ್ರಿ,” ಅಂದಳು. “ಮಾಸ್ತರ್ ನೋಡಿದ್ದು ಇದಲ್ರಿ.”

“ಮಂಜಿರಿ,” ಅಂದರು ಭಾಲಚಂದ್ರ, ಮೆಲ್ಲಗೆ.

ಅವಳು ಫೋನಿಗೆ ಹೋದ ಪಟ್ಟಿಯನ್ನು ತೆರೆದಳು. ಹೊಳೆಯುವ ರಾಡು, ಲೋಗೊ, ಪ್ರಿಯ ಗ್ರಾಹಕರಿಗೆ ಸೂಚನೆ. “ಇದನ್ನ ನೀವು ನೋಡಿದ್ದು. ಹಚ್ಚಬೇಡಿ ಅನ್ನೂದು ಇದರಾಗ ಇದ್ದಿಲ್ರಿ. ಇವರು ತೆಗಿ ಅಂದ್ರು, ನಾ ತೆಗೆದೆ.”

ಅಧಿಕಾರಿ ಪೆನ್ನು ಹಿಡಿದುಕೊಂಡೇ ಕೂತರು. ಸಣ್ಣದರಲ್ಲಿ ಜಾಗವೇ ಇರಲಿಲ್ಲ ಸಾಹೇಬ್ರ, ಅದು ತಾಂತ್ರಿಕ ವಿಷಯ ಎಂದು ಭಾಲಚಂದ್ರ ಅವಸರದಲ್ಲಿ ಹೇಳತೊಡಗಿದರು.

ಏಕನಾಥ ಅವರ ಕಡೆ ತಿರುಗಲಿಲ್ಲ. ಮಂಜಿರಿಯನ್ನೇ ಕೇಳಿದರು.

“ಜಾಗ ಇದ್ದಿಲ್ಲೇನ್ರಿ?”

ಅವಳು ತಾನು ಮೊದಲು ಮಾಡಿದ ಹಳದಿ ಪಟ್ಟಿಯನ್ನು ತನ್ನ ಫೋನಿನಲ್ಲಿ ತೆರೆದು, ಪರದೆಯ ತಳದಲ್ಲಿ ಅದು ಬರಬೇಕಿದ್ದ ಅಳತೆಯಲ್ಲೇ ಇಟ್ಟು, ಅವರ ಮುಂದೆ ಚಾಚಿದಳು.

ಏಕನಾಥ ಫೋನು ಮುಟ್ಟಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೆನ್ನು ಕುರ್ಚಿಗೆ ಆನಿಸಿ ಆದಷ್ಟು ಹಿಂದೆ ಸರಿದರು. ಅಲ್ಲಿಂದಲೇ ಓದಿದರು, ತರಗತಿಯಲ್ಲಿ ಓದಿದಂತೆ, ಒಂದೊಂದೇ ಮಾತು ಬಿಡಿಸಿ.

“ಹಸಿರು. ಹಿಡಿಕೆಯ. ರಾಡ್. ಹಚ್ಚಬೇಡಿ.”

ಆಮೇಲೆ ಅವಳನ್ನು ನೋಡಿದರು.

“ಓದಾಕ ಬರ್ತದಲ್ರಿ,” ಅಂದರು.