ಸೊನ್ನೆ ಅಂದರೆ ಚಾಲೂ

ಆಳಂದದ ಬಸ್‌ಸ್ಟ್ಯಾಂಡಿನಿಂದ ಹೊರಬಿದ್ದು ತೊಗರಿ ಕೊಂಡು ಮಾರುವ ಅಡತಿಗಳ ಸಾಲು ದಾಟಿದರೆ ಹುಸೇನಸಾಬರ ಮೋಟರ್ ವೈಂಡಿಂಗ್ ಅಂಗಡಿ. ಅರ್ಧ ಅಂಗಡಿ ತುಂಬ ಸುಟ್ಟ ಮೋಟರುಗಳು, ತಾಮ್ರದ ತಂತಿ, ವಾರ್ನಿಶ್ ವಾಸನೆ. ಉಳಿದರ್ಧದಲ್ಲಿ ಒಂದು ಟೇಬಲ್ಲು, ಟೇಬಲ್ಲಿನ ಮೇಲೆ ಹಳೆಯ ಕಂಪ್ಯೂಟರ್, ಅದರ ಮುಂದೆ ಶಿವಕಾಂತಾ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಂದ ಹುಡುಗಿಗೆ ಹುಸೇನಸಾಬರು ಆ ಅರ್ಧ ಜಾಗ ಬಿಟ್ಟುಕೊಟ್ಟಾಗ ಊರಿನವರು ಮುಸಿಮುಸಿ ನಕ್ಕಿದ್ದರು. ನಗಲಿ ಬಿಡಿ, ಬೇಸಿಗೆ ಬಂದ ಕೂಡಲೇ ಅದೇ ಜನ ಸುಟ್ಟ ಮೋಟರ್ ಹೊತ್ತು ಅಲ್ಲಿಗೇ ಬರುತ್ತಿದ್ದರು.

ಶಿವಕಾಂತಾ ಮಾಡುತ್ತಿದ್ದದ್ದು ಆಟೊ ಸ್ಟಾರ್ಟರ್. ಕರೆಂಟು ಬಂದಾಗ ಮೂರೂ ಫೇಸ್ ಸರಿ ಇವೆಯೋ ನೋಡಿ, ತುಸು ತಡೆದು, ಪಂಪಿನ ಮೋಟರನ್ನು ತಾನೇ ಚಾಲೂ ಮಾಡುವ ಡಬ್ಬಿ. ಡಬ್ಬಿಯ ಒಳಗೆ ಎಂಟು ಕಾಲಿನ ಒಂದು ಚಿಪ್ಪು, ಚಿಪ್ಪಿನೊಳಗೆ ಅವಳು ಬರೆದ ಪ್ರೋಗ್ರಾಂ. ಬೇರೆ ಯಾರಾದರೂ ಅದನ್ನು ಓದಿ ನಕಲು ಮಾಡಬಾರದೆಂದು ಪ್ರತಿ ಚಿಪ್ಪಿಗೂ ಕೊನೆಗೆ ಲಾಕ್ ಬಿಟ್ ಹಾಕುವುದು ಅವಳ ರೂಢಿ. ಲಾಕ್ ಬಿದ್ದ ಚಿಪ್ಪು ಕೆಲಸ ಮಾಡುತ್ತದೆ, ಆದರೆ ಹೊಟ್ಟೆಯಲ್ಲಿ ಏನಿದೆಯೆಂದು ಯಾರಿಗೂ ಹೇಳುವುದಿಲ್ಲ. ಲಾಕ್ ತೆಗೆಯಬೇಕೆಂದರೆ ಚಿಪ್ಪನ್ನು ಪೂರ್ತಿ ಅಳಿಸಬೇಕು, ಅಳಿಸಿದರೆ ಲಾಕಿನ ಜೊತೆಗೆ ಪ್ರೋಗ್ರಾಮೂ ಹೋಯಿತು.

ತೊಂಬತ್ತೊಂಬತ್ತರ ಆ ಬೇಸಿಗೆಯಲ್ಲಿ ಅವಳ ಕೈಯಲ್ಲಿದ್ದದ್ದು ಗೊಬ್ಬೂರಿನ ಕುಡಿಯುವ ನೀರಿನ ಪಂಪಿನ ಡಬ್ಬಿ. ಆ ಬೋರಿನಲ್ಲಿ ನೀರು ಕುಂಟುತ್ತ ಬರುತ್ತಿತ್ತು. ತುಸು ಹೊತ್ತು ಎತ್ತಿದರೆ ಖಾಲಿ, ಖಾಲಿ ಬೋರಿನಲ್ಲಿ ತಿರುಗಿ ತಿರುಗಿ ಮೋಟರ್ ಸುಡುತ್ತಿತ್ತು. ಮೋಟರ್ ಎಳೆಯುವ ಕರೆಂಟು ಇಳಿದದ್ದನ್ನು ಗುರುತಿಸಿ ಬಂದ್ ಮಾಡುವ, ನೀರು ಊರುವಷ್ಟು ಕಾದು ಮತ್ತೆ ಚಾಲೂ ಮಾಡುವ ಹೊಸ ಪ್ರೋಗ್ರಾಂ ಬೇಕಿತ್ತು. ಅದಕ್ಕಾಗಿ ಶಿವಕಾಂತಾ ಚಳಿಗಾಲವೆಲ್ಲ ಬಸ್ಸು ಹತ್ತಿ ಗೊಬ್ಬೂರಿಗೆ ಹೋಗಿ, ಪಂಪ್ ನೋಡಿಕೊಳ್ಳುವ ದೊಡ್ಡಪ್ಪ ಎಂಬವನ ಜೊತೆ ಬೋರಿನ ಪಕ್ಕ ಕೂತು, ಎಷ್ಟು ಹೊತ್ತಿಗೆ ನೀರು ಊರುತ್ತದೆ, ಎಷ್ಟಕ್ಕೆ ಬತ್ತುತ್ತದೆ ಎಂದು ಹದ ಹಿಡಿದಿದ್ದಳು. ಆ ಹದವೆಲ್ಲ ಪ್ರೋಗ್ರಾಮಿನೊಳಗೆ ಇಳಿದಿತ್ತು. ಆ ದಿನ ಸಂಜೆಯ ಬಸ್ಸಿಗೆ ದೊಡ್ಡಪ್ಪ ಡಬ್ಬಿ ಒಯ್ಯಲು ಬರುವವನಿದ್ದ. ಇನ್ನೊಮ್ಮೆ ಮೋಟರ್ ಸುಟ್ಟರೆ ಈ ಬೇಸಿಗೆಗೆ ನಲ್ಲಿ ಮರೆತುಬಿಡಿ ಎಂದು ಪಂಚಾಯಿತಿಯವರು ಕಡ್ಡಿ ಮುರಿದಂತೆ ಹೇಳಿದ್ದರು.

ಬೆಳಿಗ್ಗೆ ಅವಳು ಹುರುಪಿನಲ್ಲೇ ಕೂತಳು. ಮುಂಬೈಯಿಂದ ಹೊಸದಾಗಿ ಬಂದ ಚಿಪ್ಪುಗಳಲ್ಲಿ ಒಂದನ್ನು ಸಾಕೆಟ್ಟಿಗೆ ಸಿಗಿಸಿ ಪ್ರೋಗ್ರಾಂ ತುಂಬಿದಳು, ತಾಳೆ ನೋಡಿದಳು, ಸರಿಯಾಗಿತ್ತು. ಇನ್ನು ಲಾಕ್ ಹಾಕಿ ಕೈ ತೊಳೆದುಕೊಳ್ಳುವುದಷ್ಟೇ ಬಾಕಿ. ಆದರೆ ಲಾಕ್ ಹಾಕುವ ಮೊದಲು ಫ್ಯೂಸ್ ಬಿಟ್‌ಗಳನ್ನು ಸರಿಮಾಡಿಕೊಳ್ಳಿ ಎಂದು ಚಿಪ್ಪಿನ ಮಾಹಿತಿ ಹಾಳೆಯಲ್ಲಿ ಬರೆದಿತ್ತು. ಫ್ಯೂಸ್ ಬಿಟ್ ಅಂದರೆ ಚಿಪ್ಪು ಹೇಗೆ ನಡೆಯಬೇಕೆಂದು ಅದರೊಳಗೇ ಬರೆದಿಡುವ ಸೊನ್ನೆ ಒಂದುಗಳು, ಮನೆಯ ಫ್ಯೂಸಿನ ತಂತಿಯಲ್ಲ. ಇಷ್ಟು ದಿನ ಅವಳು ಅದರ ಗೊಡವೆಗೆ ಹೋದವಳೇ ಅಲ್ಲ. ಇವತ್ತು ಊರಿನ ನೀರಿನ ಕೆಲಸ, ಎಲ್ಲ ಅಚ್ಚುಕಟ್ಟಾಗಿರಲಿ ಎಂದು ಮನಸ್ಸಿಗೆ ಬಂತು. ಅಲ್ಲೇ ಕೆಟ್ಟಿತು.

ಚಿಪ್ಪಿಗೆ ಒಂದು ಕ್ಲಾಕ್ ಬೇಕು, ಅಂದರೆ ಒಂದೇ ಸಮನೆ ಬೀಳುವ ಮಿಡಿತ. ಒಂದೊಂದು ಮಿಡಿತಕ್ಕೆ ಅದು ಒಂದೊಂದು ಹೆಜ್ಜೆ ಇಡುತ್ತದೆ. ಆ ಮಿಡಿತ ಚಿಪ್ಪಿನ ಒಳಗೇ ಹುಟ್ಟಬೇಕೋ, ಹೊರಗಿನಿಂದ ಬರಬೇಕೋ ಎಂದು ಹೇಳುವುದು ಕ್ಲಾಕ್ ಫ್ಯೂಸು. ಶಿವಕಾಂತಾಳಿಗೆ ಒಳಗಿನದೇ ಬೇಕಿತ್ತು. ಪರದೆಯ ಮೇಲೆ ಒಳಗಿನ ಕ್ಲಾಕಿನ ಮುಂದೆ ಸೊನ್ನೆ ಇತ್ತು. ದಿನವೂ ಸ್ಟಾರ್ಟರುಗಳ ನಡುವೆ ಬದುಕುವವಳು, ಯಾವ ಸ್ವಿಚ್ಚಿನ ಮೇಲೆ ನೋಡಿದರೂ ಸೊನ್ನೆ ಅಂದರೆ ಬಂದ್, ಒಂದು ಅಂದರೆ ಚಾಲೂ. ಅಯ್ಯ, ಇದು ಬಂದ್ ಇದೆಯಲ್ಲ ಎಂದುಕೊಂಡು ಒಂದು ಒತ್ತಿ ಬರೆದುಬಿಟ್ಟಳು.

ಮರುಕ್ಷಣ ಲಾಕ್ ಹಾಕಲು ಹೋದರೆ ಚಿಪ್ಪು ಉತ್ತರ ಕೊಡುತ್ತಿಲ್ಲ ಎಂದಿತು ಕಂಪ್ಯೂಟರ್. ತೆಗೆದು ಹಾಕಿದಳು, ಕಾಲು ಒರೆಸಿ ಹಾಕಿದಳು. ಊಹೂಂ, ಕಲ್ಲು. ಏನಾತಬೇ ಎಂದು ಹುಸೇನಸಾಬರು ವಿಚಾರಿಸಿದರು. ಫ್ಯೂಸ್ ಬರೆದ ಮೇಲೆ ಸತ್ತಿತು ಎಂದಳು. ಫ್ಯೂಸ್ ಹೋದರೆ ಒಂದೆಳೆ ತಾರ ಹಾಕೋಣ, ಅದಕ್ಕೇಕೆ ಮಾರಿ ಸಪ್ಪಗೆ ಎಂದು ಅವರು ನಕ್ಕರು. ಅವಳಿಗೆ ನಗು ಬರಲಿಲ್ಲ. ಮುಂಬೈ ಮಾಲೇ ಹಿಂಗೆ ಎಂದು ಬೈದು ಆ ಚಿಪ್ಪನ್ನು ಟೇಬಲ್ಲಿನ ಮೂಲೆಗೆ ಒಗೆದು, ಊಟ ಮಾಡಿ ಬಂದು ಇನ್ನೊಂದಕ್ಕೆ ತುಂಬಿದರಾಯಿತು ಎಂದು ಕಂಪ್ಯೂಟರ್ ಬಂದ್ ಮಾಡಿ ಮನೆಗೆ ಹೋದಳು.

ಅವಳು ರೊಟ್ಟಿ ಮುರಿಯುವ ಹೊತ್ತಿಗೆ ಹುಸೇನಸಾಬರ ಕೈಗೆ ಒಂದು ಮಿಕ್ಸರಿನ ಆರ್ಮೇಚರ್, ಒಳಗೆ ತಿರುಗುವ ತಂತಿ ಸುತ್ತಿದ ಭಾಗ, ಬಂತು. ಅದರ ಸುರುಳಿ ಎಲ್ಲಿ ಶಾರ್ಟ್ ಆಗಿದೆ ಎಂದು ನೋಡಲು ಗ್ರೌಲರ್ ಬೇಕು, ಅಂದರೆ ಕರೆಂಟು ಕೊಟ್ಟರೆ ಗುರ್ರೆನ್ನುವ ದಪ್ಪ ಆಯಸ್ಕಾಂತ. ಅವರ ಕಡೆಯ ಪ್ಲಗ್ಗು ಸಡಿಲ. ಶಿವಕಾಂತಾಳ ಟೇಬಲ್ಲಿನದು ಗಟ್ಟಿ. ಗ್ರೌಲರನ್ನು ಅಲ್ಲೇ ಇಟ್ಟು ಗುರುಗುಟ್ಟಿಸಿದರು. ಪಕ್ಕಕ್ಕೆ ತಾಗಿ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯಲ್ಲಿ ಫ್ಲಾಪಿಗಳು. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೋಗಿ ಎಷ್ಟೋ ದಿನವಾಗಿತ್ತು, ಅವಳ ಪ್ರೋಗ್ರಾಂ ಇದ್ದದ್ದು ಫ್ಲಾಪಿಯಲ್ಲೇ. ಜಾಣೆ, ಒಂದು ಹೋದರೆ ಇನ್ನೊಂದಿರಲಿ ಎಂದು ಎರಡು ನಕಲು ಮಾಡಿದ್ದಳು. ಎರಡನ್ನೂ ಅದೇ ಡಬ್ಬಿಯಲ್ಲಿ ಇಟ್ಟಿದ್ದಳು.

ಊಟ ಮುಗಿಸಿ ಬಂದು ಫ್ಲಾಪಿ ಹಾಕಿದರೆ ಓದಲಾಗುತ್ತಿಲ್ಲ ಎಂದಿತು. ಎರಡನೆಯದೂ ಅಷ್ಟೇ. ಟೇಬಲ್ಲಿನ ಮೇಲೆ ಇನ್ನೂ ಬೆಚ್ಚಗಿದ್ದ ಗ್ರೌಲರ್ ಕಣ್ಣಿಗೆ ಬಿದ್ದಾಗ ಅವಳಿಗೆ ಎಲ್ಲ ತಿಳಿಯಿತು. ಸ್ಟೂಲು ಎಳೆದು ಕೂತಳು. ಆಯಸ್ಕಾಂತದ ಮುಂದೆ ಫ್ಲಾಪಿಯ ಬರಹ ನಿಲ್ಲುವುದಿಲ್ಲ ಎಂದು ಹೇಳಿದಾಗ ಹುಸೇನಸಾಬರ ಮುಖ ಬೂದಿಯಾಯಿತು. ಗ್ರೌಲರನ್ನು ಎತ್ತಿಕೊಂಡು ಹೋಗಿ ತಮ್ಮ ಮೂಲೆಯಲ್ಲಿ ಇಟ್ಟು, ಅದರ ಪಕ್ಕದಲ್ಲೇ ತಲೆ ತಗ್ಗಿಸಿ ಕೂತರು.

ಮಾರಿದ ಡಬ್ಬಿಗಳಲ್ಲಿದ್ದದ್ದು ಹಳೆಯ ಪ್ರೋಗ್ರಾಂ. ಅದನ್ನಾದರೂ ತೆಗೆದು ತಿದ್ದೋಣವೆಂದರೆ ಎಲ್ಲಕ್ಕೂ ಲಾಕು. ಕಳ್ಳರು ಬರಬಾರದೆಂದು ಹಾಕಿದ ಕೀಲಿ ಮನೆಯವಳನ್ನೇ ಹೊರಗೆ ನಿಲ್ಲಿಸಿತ್ತು. ಹೊಸ ಪ್ರೋಗ್ರಾಂ, ಇಡೀ ಚಳಿಗಾಲದ ಹದ, ಈ ಭೂಮಿಯ ಮೇಲೆ ಉಳಿದದ್ದು ಒಂದೇ ಕಡೆ, ಮೂಲೆಗೆ ಒಗೆದ ಆ ಸತ್ತ ಚಿಪ್ಪಿನಲ್ಲಿ. ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಮಾಹಿತಿ ಹಾಳೆಗಳನ್ನು ಮೊದಲಿನಿಂದ ಓದಲು ಹಿಡಿದಳು.

ಓದುತ್ತ ಓದುತ್ತ ಒಂದು ಸಾಲಿನ ಮೇಲೆ ಬೆರಳು ನಿಂತಿತು. ಫ್ಯೂಸ್ ಬಿಟ್ಟಿನಲ್ಲಿ ಸೊನ್ನೆ ಅಂದರೆ ಹಾಕಿದೆ ಎಂದರ್ಥ, ಒಂದು ಅಂದರೆ ಹಾಕಿಲ್ಲ. ಸ್ಟಾರ್ಟರಿನ ಲೆಕ್ಕಕ್ಕೆ ಪೂರ್ತಿ ಉಲ್ಟಾ. ಚಾಲೂ ಇದ್ದ ಒಳಗಿನ ಕ್ಲಾಕನ್ನು ಅವಳೇ ಕೈಯಾರೆ ಬಂದ್ ಮಾಡಿದ್ದಳು. ಚಿಪ್ಪು ಈಗ ಹೊರಗಿನ ಮಿಡಿತಕ್ಕಾಗಿ ತನ್ನ ಎರಡನೆಯ ಕಾಲು ಚಾಚಿ ಕಾಯುತ್ತಿತ್ತು, ಅಲ್ಲಿ ಏನೂ ಬರುತ್ತಿರಲಿಲ್ಲ. ಮಿಡಿತವಿಲ್ಲದೆ ಅದು ಪ್ರೋಗ್ರಾಂ ನಡೆಸಲಾರದು, ಕಂಪ್ಯೂಟರಿಗೆ ಉತ್ತರವನ್ನೂ ಕೊಡಲಾರದು. ಆದರೆ ಒಳಗಿನ ಬರಹ ಹಾಗೇ ಇರುತ್ತದೆ, ಆಯಸ್ಕಾಂತಕ್ಕೂ ಅದು ಅಳಿಯುವುದಿಲ್ಲ.

"ಚಾಚಾ, ಇದು ಸತ್ತಿಲ್ರಿ. ಉಸುರು ಹಿಡದು ಕುಂತದ."

ಹುಸೇನಸಾಬರು ತಲೆ ಎತ್ತಿದರು. ಅವಳು ಆಗಲೇ ಹೊಸ ಚಿಪ್ಪೊಂದನ್ನು ಸಾಕೆಟ್ಟಿಗೆ ಹಾಕುತ್ತಿದ್ದಳು. ಪ್ರೋಗ್ರಾಂ ಬರೆಯುವ ಸಾಮಾನೆಲ್ಲ ಇದ್ದ ಫ್ಲಾಪಿ ಕಂಪ್ಯೂಟರಿನ ಹೊಟ್ಟೆಯಲ್ಲೇ ಇದ್ದು ಬದುಕಿಕೊಂಡಿತ್ತು. ಒಂದು ಕಾಲನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಮಾಡುತ್ತಲೇ ಇರು, ಇಷ್ಟೇ ಹೇಳುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಹೊಸ ಚಿಪ್ಪಿಗೆ ತುಂಬಿದಳು. ಫ್ಯೂಸಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅದನ್ನು ಬೇರೆ ಬೋರ್ಡಿಗೆ ಸಿಗಿಸಿ ಕರೆಂಟು ಕೊಟ್ಟು, ಮಿಡಿಯುವ ಕಾಲಿನಿಂದ ಒಂದು ತಂತಿ ಎಳೆದು, ಮತ್ತೆ ಸಾಕೆಟ್ಟಿಗೆ ಹಾಕಿದ ಹಳೆಯ ಚಿಪ್ಪಿನ ಎರಡನೆಯ ಕಾಲಿಗೆ ಜೋಡಿಸಿದಳು. ಎರಡರ ಅರ್ಥಿಂಗ್ ಒಂದು ಮಾಡಿದಳು. ಹುಸೇನಸಾಬರು ಎದ್ದು ಬಂದು ಅವಳ ಹಿಂದೆ ನಿಂತರು.

ಚಿಪ್ಪು ಉತ್ತರ ಕೊಡುತ್ತಿಲ್ಲ ಎಂದಿತು ಕಂಪ್ಯೂಟರ್.

ಶಿವಕಾಂತಾ ಟೇಬಲ್ಲಿಗೆ ಬಗ್ಗಿದಳು. ತಂತಿ ಅಲುಗಿಸಿ ನೋಡಿದಳು, ಗಟ್ಟಿ ಇತ್ತು. ಹಂಗಾದರೆ ಏನು ಎಂದು ತಲೆ ಕೆರೆದುಕೊಂಡಳು. ಹೊಸ ಚಿಪ್ಪಿಗೆ ಕಾಲು ಎತ್ತಲು ಒಂದಿಷ್ಟು ಹೆಜ್ಜೆ, ಇಳಿಸಲು ಒಂದಿಷ್ಟು, ಮತ್ತೆ ಮೊದಲಿಗೆ ಬರಲು ಒಂದಿಷ್ಟು ಬೇಕು. ಹಾಗಾಗಿ ಅದು ಕೊಡುವ ಮಿಡಿತ ಒಳಗಿನ ಕ್ಲಾಕಿಗಿಂತ ಎಷ್ಟೋ ನಿಧಾನ. ಕಂಪ್ಯೂಟರ್ ಮಾತ್ರ ಎಂದಿನ ವೇಗದಲ್ಲೇ ಪಟಪಟ ಕೇಳುತ್ತಿತ್ತು. ನಿಧಾನಕ್ಕೆ ಮಿಡಿಯುವ ಚಿಪ್ಪಿಗೆ ಆ ಅವಸರದ ಮಾತು ಕೇಳಿಸುವುದಾದರೂ ಹೇಗೆ.

ಕಂಪ್ಯೂಟರಿನ ಮುಖದ ಮೇಲೆ ಟರ್ಬೊ ಎಂಬ ಗುಂಡಿ ಇತ್ತು. ಒಳಗಿದ್ದರೆ ವೇಗ, ಹೊರಗೆ ಬಂದರೆ ಎತ್ತಿನ ಬಂಡಿ. ತಂದ ದಿನದಿಂದ ಯಾರೂ ಅದನ್ನು ಹೊರಗೆ ಬಿಟ್ಟಿರಲಿಲ್ಲ. ಶಿವಕಾಂತಾ ಒತ್ತಿದಳು, ಟಕ್ ಎಂದು ಗುಂಡಿ ಹೊರಗೆ ಬಂತು, ದೀಪ ಆರಿತು. ಮತ್ತೆ ಕೇಳಿದಳು.

ಚಿಪ್ಪು ತನ್ನ ಗುರುತು ಹೇಳಿತು.

ಅವಳು ತಡಮಾಡದೆ ಚಿಪ್ಪನ್ನು ಓದಲು ಕಂಪ್ಯೂಟರಿಗೆ ಹೇಳಿದಳು. ಒಳಗಿದ್ದ ಬರಹವೆಲ್ಲ ಸಾಲುಸಾಲಾಗಿ, ಕುಂಟುತ್ತ, ಪರದೆಯ ಮೇಲೆ ಇಳಿದು ಫ್ಲಾಪಿಗೆ ಸೇರಿತು. ಅವಳು ಬರೆದಿದ್ದ ಸಾಲುಗಳಲ್ಲ, ಚಿಪ್ಪಿಗೆ ಮಾತ್ರ ತಿಳಿಯುವ ಅಂಕಿಗಳು, ಆದರೆ ಯಾವ ಚಿಪ್ಪಿಗೆ ತುಂಬಿದರೂ ಅದೇ ಕೆಲಸ ಮಾಡುವಂಥವು. ಆಮೇಲೆ ಕ್ಲಾಕ್ ಫ್ಯೂಸಿಗೆ ಸೊನ್ನೆ ಬರೆದಳು. ತಂತಿ ಕಿತ್ತಳು, ಕರೆಂಟು ತೆಗೆದು ಮತ್ತೆ ಕೊಟ್ಟಳು. ಚಿಪ್ಪು ತಂತಿಯಿಲ್ಲದೆಯೇ ಉತ್ತರ ಕೊಟ್ಟಿತು. ಅವಳು ಎರಡೂ ಕೈ ಮುಖಕ್ಕೆ ಹಚ್ಚಿ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು.

ದೊಡ್ಡಪ್ಪ ಬಂದಾಗ ಡಬ್ಬಿ ತಯಾರಿತ್ತು. ಅವನ ಕೈಗೆ ಡಬ್ಬಿಯ ಜೊತೆ ಪ್ರೋಗ್ರಾಮಿನ ನಕಲಿದ್ದ ಒಂದು ಫ್ಲಾಪಿಯನ್ನೂ ಕೊಟ್ಟು, ಗೊಬ್ಬೂರಿನ ಮನೆಯಲ್ಲಿ ಮೋಟರಿನಿಂದ ದೂರ ಎಲ್ಲಾದರೂ ಇಡಲು ಹೇಳಿದಳು. ಯಾಕೆ ಎಂದು ಅವನು ಕೇಳಿದ. ಹುಸೇನಸಾಬರು ಬೇರೆ ಕಡೆ ನೋಡಿದರು. ನೀರಿನ ಲೆಕ್ಕ ನೀರಿನ ಊರಲ್ಲೂ ಇರಲಿ ಎಂದು ಶಿವಕಾಂತಾ ಮಾತು ಹಾರಿಸಿದಳು.

ಅವನು ಬಸ್ಸಿಗೆ ಹೋದ ಮೇಲೆ ಹುಸೇನಸಾಬರು ಎರಡು ಚಹಾ ತರಿಸಿದರು. ಮುಂಜಾನೆ ಆ ಫ್ಯೂಸ್ ಸರಿ ಬರೆದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. ಅವಳು ಬಟ್ಟಲು ಕೆಳಗಿಟ್ಟಳು. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ.

"ಲಾಕ್ ಬೀಳ್ತಿತ್ರಿ, ಚಾಚಾ. ಡಬ್ಬಿ ಒಂದು ನಡೀತಿತ್ತು, ಆದ್ರ ಫ್ಲಾಪಿ ಹೋದ ಮ್ಯಾಲ ಒಳಗಿನ ಬರಹ ಯಾರಿಗೂ ಓದಾಕ ಬರ್ತಿದ್ದಿಲ್ಲ."

ಹುಸೇನಸಾಬರು ತಮ್ಮ ಬಟ್ಟಲು ಬದಿಗೆ ಸರಿಸಿದರು.

"ಹಂಗಾದ್ರ ನಿನ್ನ ತಪ್ಪು ನನ್ನ ಮಾನ ಉಳಿಸ್ತು, ಬೇಟಿ," ಎಂದರು.

ಅವಳು ಉಳಿದ ಚಹಾ ಕುಡಿದು ಮುಗಿಸಿದಳು. ಎದ್ದು ಹೋಗಿ ಗ್ರೌಲರನ್ನು ಎತ್ತಿ ತಂದು, ಟೇಬಲ್ಲಿನ ಗಟ್ಟಿ ಪ್ಲಗ್ಗಿಗೆ ತಾನೇ ಸಿಗಿಸಿದಳು. ಆಮೇಲೆ ಫ್ಲಾಪಿ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಿಕ್ಸರಿನವರು ಕಾಯುತ್ತಿದ್ದಾರೆ, ಆರ್ಮೇಚರ್ ನೋಡಿ ಮುಗಿಸಿರಿ ಎಂದು ಹೇಳಿ ಮನೆಯ ದಾರಿ ಹಿಡಿದಳು.