ಎಸ್ ಸರ್ ಅಂದವರ ಹತ್ತು ವರ್ಷ

ನಮ್ಮನೆಯವರಿಗೆ ಒಂದು ಕಾಯಿಲೆ ಇದೆ. ಮೇಲಧಿಕಾರಿ ಏನು ಹೇಳಿದರೂ "ಎಸ್ ಸರ್" ಅನ್ನುವುದು. ಸೇನೆಯಲ್ಲಿ ಹತ್ತಿದ್ದು, ಬಿಟ್ಟು ಮೂವತ್ತು ವರ್ಷವಾದರೂ ವಾಸಿಯಾಗಿಲ್ಲ. ಈ ಕಾಯಿಲೆಯಿಂದ ನಮ್ಮ ಪಿಂಚಣಿಯ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಹೋಗುವುದರಲ್ಲಿತ್ತು ಅಂತ ನನಗೆ ಗೊತ್ತಾದದ್ದು ಅವರ ನಿವೃತ್ತಿಗೆ ಮೂರು ತಿಂಗಳಿರುವಾಗ, ಅದೂ ಬೇಳೆ ಬೇಯಿಸುತ್ತಿದ್ದಾಗ.

"ಕುಸುಮಾ, ಆರ್ಮಿ ಸರ್ವೀಸು ಸೇರಿಲ್ವಂತೆ," ಎಂದು ಬಾಗಿಲಲ್ಲೇ ನಿಂತು ಹೇಳಿದರು. ಮಳೆ ಬರುವ ಹಾಗಿದೆ ಅನ್ನುವ ದನಿಯಲ್ಲಿ.

"ಯಾರು ಹೇಳಿದ್ದು?"

"ರಂಜಿತಾ ಮೇಡಂ. ಪೆನ್ಷನ್ ಪೇಪರ್ ರೆಡಿ ಮಾಡ್ತಾ ಇದ್ರು. ಸರ್ವೀಸ್ ಬುಕ್ಕಲ್ಲಿ ಅದ್ರದ್ದು ಏನೂ ಬರೆದಿಲ್ಲ ಅಂದ್ರು."

"ನೀವೇನಂದ್ರಿ?"

"ಸರಿ ಮೇಡಂ ಅಂದೆ."

ಬೇಳೆ ಅಡಿ ಹಿಡಿಯಿತು. ನಾನು ಒಲೆ ಆರಿಸಿ ಕೂತುಬಿಟ್ಟೆ.

ಇವರು ಮಡಿಕೇರಿಯ ಒಂದು ಇಲಾಖೆಯಲ್ಲಿ ಜೀಪ್ ಚಾಲಕರು. ಮಾಜಿ ಸೈನಿಕರ ಮೀಸಲಾತಿಯಲ್ಲಿ ಕೆಲಸ ಸಿಕ್ಕಿದ್ದು ಎರಡು ಸಾವಿರದ ಐದರಲ್ಲಿ, ಹೊಸ ಪಿಂಚಣಿ ಪದ್ಧತಿ ಬರುವ ಸ್ವಲ್ಪ ಮುಂಚೆ. ಅದೊಂದು ಅದೃಷ್ಟ. ಪೂರ್ತಿ ಪಿಂಚಣಿಗೆ ಮೂವತ್ತು ವರ್ಷದ ಸೇವೆ ಬೇಕು. ಇಲ್ಲಿ ಇವರದು ಇಪ್ಪತ್ತೊಂದು, ಸೇನೆಯಲ್ಲಿ ಹತ್ತು. ಎರಡೂ ಕೂಡಿದರೆ ಚಿಂತೆಯಿಲ್ಲ. ಹದಿನೈದು ವರ್ಷ ತುಂಬದೆ ಇವರೇ ಕೇಳಿಕೊಂಡು ಬಂದದ್ದರಿಂದ ಸೇನೆಯಿಂದ ಪಿಂಚಣಿ ಇಲ್ಲ, ಒಂದೇ ಸಲ ಕೊಡುವ ಗ್ರಾಚ್ಯುಟಿ ಅಷ್ಟೇ. ನಮ್ಮತ್ತೆಗೆ ಪಾರ್ಶ್ವವಾಯು ಹೊಡೆದಿತ್ತು, ಅದಕ್ಕೇ ಬಂದರು. ದುಡ್ಡೂ ಅದಕ್ಕೇ ಹೋಯಿತು. ಆ ಗ್ರಾಚ್ಯುಟಿಯನ್ನು ಸರ್ಕಾರಕ್ಕೆ ವಾಪಸ್ ಕಟ್ಟುತ್ತೇನೆ, ನನ್ನ ಸೇನೆಯ ವರ್ಷಗಳನ್ನು ಇಲ್ಲಿಗೆ ಸೇರಿಸಿ ಅಂತ ಕೆಲಸ ಕಾಯಂ ಆದಾಗ ಗಡುವಿನೊಳಗೆ ಬರೆದುಕೊಡಬೇಕಿತ್ತು. ಕೊಡದಿದ್ದರೆ ಆ ವರ್ಷಗಳು ಬೇಡ ಅಂದ ಹಾಗೆಯೇ ಲೆಕ್ಕ.

"ಬರೆದುಕೊಟ್ಟಿದ್ರೋ ಇಲ್ವೋ?" ಎಂದೆ.

"ಕೊಟ್ಟಿದ್ದೆ ಕಣೆ. ಆಗಿನ ಅಧಿಕಾರಿ ರೇವಣ್ಣ ಸಾಹೇಬ್ರ ಕೈಗೇ ಕೊಟ್ಟೆ. ಇಟ್ಟು ಹೋಗು ಅಂದ್ರು."

"ಆಮೇಲೆ?"

"ಆಮೇಲೇನು? ಇಟ್ಟು ಬಂದೆ."

"ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ಏನಾಯ್ತು ಅಂತ ಕೇಳ್ಲಿಲ್ವಾ?"

ನನಗೆ ಬುದ್ಧಿ ನೆಟ್ಟಗಿಲ್ಲವೇನೋ ಎಂಬಂತೆ ನೋಡಿದರು. "ಮೇಲಿನವರಿಗೆ ಒಂದ್ಸಲ ಕೊಟ್ಟ ಮೇಲೆ ಮತ್ತೆ ಕೇಳೋದುಂಟಾ? ನಂಬಿಕೆ ಇಲ್ಲ ಅಂದಂಗೆ ಆಯ್ತದೆ."

ಈ ಮನುಷ್ಯನನ್ನು ಕಟ್ಟಿಕೊಂಡು ನಾನು ಹೇಗೆ ಬಾಳಿದೆನೋ ಆ ದೇವರಿಗೇ ಗೊತ್ತು. ಅಂಗಡಿಯವನು ಕೊಳೆತ ಟೊಮೆಟೊ ಹಾಕಿದರೆ ಜಗಳಕ್ಕೆ ನಿಲ್ಲುತ್ತಾರೆ. ಕುರ್ಚಿಯಲ್ಲಿ ಯಾರಾದರೂ ಕೂತಿದ್ದರೆ ಮಾತ್ರ ನಾಲಿಗೆ ಬಿದ್ದುಹೋಗುತ್ತದೆ.

ಮರುದಿನ ನಾನೇ ಕುಶಾಲನಗರದಿಂದ ಮಡಿಕೇರಿ ಬಸ್ಸು ಹತ್ತಿ ಆಫೀಸಿಗೆ ಹೋದೆ. ರಂಜಿತಾ ಒಳ್ಳೆಯ ಹುಡುಗಿ, ಆದರೆ ಮೇಜಿನ ಮೇಲೆ ಕಡತಗಳು ಎಷ್ಟಿದ್ದವೆಂದರೆ ಮುಖ ಕಾಣಲು ನಾನು ಬಗ್ಗಬೇಕಾಯಿತು.

"ಆಂಟಿ, ಗಡುವು ಮುಗಿದಿದೆ. ಈಗ ಬೆಂಗಳೂರಿಂದ ಸರ್ಕಾರನೇ ತಡ ಮನ್ನಾ ಮಾಡ್ಬೇಕು," ಎಂದಳು. "ಆಗಲೇ ಕೊಟ್ಟಿದ್ರು, ಆಫೀಸಲ್ಲೇ ಉಳೀತು ಅಂತ ಆಗಿದ್ದ ಅಧಿಕಾರಿ ಬರೆದುಕೊಟ್ರೆ ಕೇಳ್ಬಹುದು. ರೆಜಿಮೆಂಟಿನ ರೆಕಾರ್ಡ್ ಆಫೀಸಿಂದ ಸರ್ವೀಸ್ ವೆರಿಫೈ ಆಗಿ ಬರ್ಬೇಕು, ಅದಕ್ಕೆ ಇವತ್ತೇ ಬರೀತೀನಿ. ಗ್ರಾಚ್ಯುಟಿನೂ ಪೂರ್ತಿ ಕಟ್ಬೇಕು. ಅಣ್ಣ ಇದ್ನೆಲ್ಲ ಕೇಳ್ಲೇ ಇಲ್ಲ. ಸರಿ ಮೇಡಂ ಅಂದು ಹೊರಟೇಹೋದ್ರು."

"ಅವರು ಹಂಗೇನಮ್ಮ," ಎಂದೆ. ನಾಚಿಕೆಯಾಯಿತು.

ವಾಪಸ್ಸು ಬರುವಾಗ ಸುಂಟಿಕೊಪ್ಪದಲ್ಲಿ ಇಳಿದೆ. ರೇವಣ್ಣ ಸಾಹೇಬರು ನಿವೃತ್ತರಾಗಿ ಅಲ್ಲಿಯೇ ಮನೆ ಕಟ್ಟಿಕೊಂಡಿದ್ದಾರೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು, "ಮರುಳಸಿದ್ದಪ್ಪನ ಮನೆಯವರಾ? ಬನ್ನಿ ಬನ್ನಿ," ಎಂದು ಕಾಫಿ ಕೊಡಿಸಿದ್ದರಿಂದ ಜಗಳ ಗಂಟಲಲ್ಲೇ ಉಳಿಯಿತು.

ವಿಷಯ ಕೇಳಿ ಕಾಫಿ ಲೋಟ ಕೆಳಗಿಟ್ಟರು.

"ಕೊಟ್ಟಿದ್ದ ಕಣಮ್ಮ. ನೆನಪಿದೆ," ಎಂದರು. "ಆಗ ನಿಮ್ಮತ್ತೆ ಹಾಸಿಗೆ ಹಿಡಿದಿದ್ರಲ್ಲ. ಗ್ರಾಚ್ಯುಟಿ ವಾಪಸ್ ಕಟ್ಟಕ್ಕೆ ಇವನ ಸಂಬಳದಲ್ಲಿ ಹಿಡಿದ್ರೆ ಮನೆ ಹೆಂಗೆ ನಡೀತದೆ ಅಂತ ಯೋಚ್ನೆ ಬಂತು. ಸದ್ಯಕ್ಕೆ ಇಟ್ಟು ಹೋಗು ಸಿದ್ದಪ್ಪ, ಆಮೇಲೆ ನೋಡನ ಅಂದೆ. ಎಸ್ ಸರ್ ಅಂದ. ಒಂದು ಮಾತು, ಬೇಡ ಸಾರ್ ಕಳ್ಸಿ ಅಂದಿದ್ರೆ ಅವತ್ತೇ ಕಳಿಸ್ತಿದ್ದೆ. ಅಷ್ಟ್ರಲ್ಲಿ ನಂಗೆ ವರ್ಗ ಆಯ್ತು."

ಒಳ್ಳೆಯತನದಿಂದಲೂ ಮನೆ ಹಾಳಾಗುತ್ತದೆ ನೋಡಿ. ಯಾರ ಮೇಲೆ ಸಿಟ್ಟು ಮಾಡುವುದು ಅಂತಲೇ ತಿಳಿಯಲಿಲ್ಲ. ಅವರು ಅಲ್ಲೇ ಕೂತು, ಗಡುವಿನೊಳಗೆ ತಮ್ಮ ಕೈಗೆ ಕೊಟ್ಟಿದ್ದನ್ನು ತಾವೇ ತಡೆದಿಟ್ಟದ್ದಾಗಿ ಬರೆದು ಸಹಿ ಹಾಕಿಕೊಟ್ಟರು.

ಮನೆಯಲ್ಲಿ ಅದನ್ನು ಓದಿ ಇವರ ಮುಖ ಕೆಂಪಾಯಿತು.

"ಸಾಹೇಬ್ರ ಕೈಲಿ ತಪ್ಪೊಪ್ಪಿಗೆ ಬರೆಸ್ಕೊಂಡು ಬಂದ್ಯಾ? ಈ ವಯಸ್ಸಲ್ಲಿ ಅವರ ಹೆಸರು ಕೆಡಿಸ್ಬೇಕಾ? ನಂಗೆ ಆ ಹತ್ತು ವರ್ಷ ಬೇಡ ಬಿಡು."

ನನಗೆ ಎಲ್ಲಿತ್ತೋ ಸಿಟ್ಟು.

"ಬೇಡ ಅನ್ನಕ್ಕೆ ಅದು ನಿಮ್ಮೊಬ್ರುದೇನ್ರೀ? ನೀವು ಗಡೀಲಿದ್ದಾಗ ಶನಿವಾರಸಂತೆ ಮನೇಲಿ ನಿಮ್ಮವ್ವನ ಜೊತೆ ಇದ್ದೋಳು ಯಾರು? ರೇಡಿಯೋದಲ್ಲಿ ಗುಂಡಿನ ಸುದ್ದಿ ಬಂದಾಗೆಲ್ಲ ಅನ್ನ ಬಿಟ್ಟೋಳು ಯಾರು? ನೀವು ಮೊದಲ್ನೇ ಸಲ ಎತ್ಕೊಂಡಾಗ ಮಗಳು ಯಾರೋ ಅಂದ್ಕೊಂಡು ಚೀರ್ಲಿಲ್ವಾ? ಅವು ನನ್ನ ವರ್ಷಾನೂ ಹೌದು. ನೀವು ಯಾರಿಗೆ ಬೇಕಾದ್ರೂ ಎಸ್ ಸರ್ ಅನ್ನಿ, ನನ್ನ ವರ್ಷಾನ ಬಿಟ್ಟುಕೊಡ್ಬೇಡಿ."

ಅಷ್ಟು ಹೇಳಿ ಅಳು ಬಂತು. ಇವರು ಎದ್ದು ಪೆನ್ನು, ಹಾಳೆ ತಂದರು. ಆಮೇಲೆ ತಾವೇ ಮನವಿ ಬರೆಯಲು ಕೂತರು, ಅಕ್ಷರಗಳನ್ನು ಪರೇಡಿಗೆ ಸಾಲಾಗಿ ನಿಲ್ಲಿಸಿದ ಹಾಗೆ. ಗ್ರಾಚ್ಯುಟಿ ಕಟ್ಟಲು ನಾನು ಚೀಟಿ ಎತ್ತಿದೆ.

ರೆಕಾರ್ಡ್ ಆಫೀಸಿನ ಉತ್ತರ ಬರಲು ಒಂದೂವರೆ ತಿಂಗಳು ಹಿಡಿಯಿತು. ಬಂದ ದಿನ ಇಬ್ಬರೂ ಆಫೀಸಿಗೆ ಹೋದೆವು. ಇವರು ಎಂದಿನಂತೆ ರಂಜಿತಾಳ ಮೇಜಿನ ಮುಂದೆ ನೆಟ್ಟಗೆ ನಿಂತರು. ಖಾಲಿ ಕುರ್ಚಿ ಪಕ್ಕದಲ್ಲೇ ಇತ್ತು. ಇಪ್ಪತ್ತೊಂದು ವರ್ಷದಲ್ಲಿ ಆ ಆಫೀಸಿನ ಕುರ್ಚಿಯಲ್ಲಿ ಅವರು ಕೂತದ್ದನ್ನು ಯಾರೂ ನೋಡಿಲ್ಲ.

ರಂಜಿತಾ ಎಲ್ಲ ನೋಡಿದಳು. "ಸರಿ ಇದೆ ಅಣ್ಣ. ಬೆಂಗಳೂರಿಗೆ ಪ್ರಸ್ತಾವನೆ ಹೋಗ್ಬೇಕು. ಸಾಹೇಬ್ರು ಮೀಟಿಂಗಲ್ಲಿದಾರೆ. ಇಟ್ಟು ಹೋಗಿ, ಆಮೇಲೆ ನೋಡಣ."

ಅದೇ ಮಾತು.

ಇವರ ಹಿಮ್ಮಡಿಗಳು ತಾವಾಗಿಯೇ ಕೂಡಿದವು. "ಎಸ್..." ಅಂದರು. ಮಾತು ಅಲ್ಲಿಗೆ ನಿಂತಿತು. ನನ್ನ ಕಡೆ ತಿರುಗಲೂ ಇಲ್ಲ. ಕುರ್ಚಿ ಎಳೆದು, ಅದು ಮುರಿಯಬಹುದೇನೋ ಎಂಬಂತೆ ಮೆಲ್ಲಗೆ ಕೂತರು.

"ಇಲ್ಲ ಮೇಡಂ," ಎಂದರು. "ಹಿಂದೆ ಒಂದ್ಸಲ ಇಟ್ಟು ಹೋಗಿದ್ದೆ. ಸಾಹೇಬ್ರು ಬಂದು ಸಹಿ ಹಾಕೋವರೆಗೂ ಇಲ್ಲೇ ಕೂತಿರ್ತೀನಿ."

ರಂಜಿತಾ ಬಾಯಿ ತೆರೆದು ನೋಡಿದಳು. ಬೆಂಗಳೂರಿನವರು ಏನನ್ನುತ್ತಾರೋ ನನಗಿನ್ನೂ ಗೊತ್ತಿರಲಿಲ್ಲ. ಇನ್ನೊಂದು ಕುರ್ಚಿ ಎಳೆದುಕೊಂಡು ನಾನೂ ಅವರ ಪಕ್ಕ ಕೂತೆ.