ಇಕ್ಕಳ ಮುಟ್ಟದ ರನ್ನರ್

ಬ್ಯಾಗು ಹೊಲಿಯುವ ಆ ಕಾರ್ಖಾನೆಯ ಯಜಮಾನನಿಗೆ ಬೀದಿಯವರು ಇಟ್ಟ ಹೆಸರು ತೋಪು. ಅವನು ಕೆಮ್ಮಿದರೆ ಎದುರು ಸಾಲಿನ ಅಂಗಡಿಗಳ ಷಟರುಗಳು ತಾವಾಗಿಯೇ ಕೆಳಗಿಳಿಯುತ್ತಿದ್ದವು. ಸೀನಿದರೆ ಮೂರು ಬೀದಿಯಾಚೆ ತೊಟ್ಟಿಲಲ್ಲಿದ್ದ ಕೂಸು ಎದ್ದು ನಡೆಯಲು ಕಲಿತುಬಿಡುತ್ತಿತ್ತು. ಅಂಥ ತೋಪು ಆ ಬೆಳಿಗ್ಗೆ ಬಾಯಿಗೆ ಬೀಗ ಜಡಿದವನ ಹಾಗೆ ಕತ್ತರಿ ಮೇಜಿನ ಮುಂದೆ ನಿಂತಿದ್ದ. ಮೇಜಿನ ಮೇಲೆ ಶಾಲೆಯಿಂದ ವಾಪಸ್ ಬಂದ ಬ್ಯಾಗುಗಳು ಗುಡ್ಡವಾಗಿ ಬಿದ್ದಿದ್ದವು. ಗುಡ್ಡ ಎಂದರೆ ಏನು, ಹತ್ತಿ ಇಳಿಯಲು ಒಂದು ದಿನ ಬೇಕು. ಯಾವ ಬ್ಯಾಗಿನ ಜಿಪ್ ಎಳೆದರೂ ಹಲ್ಲು ಕೂಡಿಸುವ ರನ್ನರ್ ಮುಂದೆ ಮುಂದೆ ಓಡುತ್ತಿತ್ತು, ಹಲ್ಲುಗಳು ಹಿಂದೆ ಹಿಂದೆ ಬಿಚ್ಚಿಕೊಳ್ಳುತ್ತಿದ್ದವು. ಎಲ್ಲ ಬ್ಯಾಗುಗಳೂ ಒಟ್ಟಾಗಿ ಬಾಯಿ ತೆರೆದು ಅವನನ್ನು ನೋಡಿ ನಗುತ್ತಿದ್ದಂತಿತ್ತು.

ಬ್ಯಾಗುಗಳ ಜೊತೆ ಶಾಲೆಯ ಪತ್ರವೂ ಬಂದಿತ್ತು. ರಜೆ ಮುಗಿದು ತರಗತಿ ಶುರುವಾಗುವುದರೊಳಗೆ ಜಿಪ್ಪುಗಳು ಸರಿಯಾಗದಿದ್ದರೆ ಮಿಕ್ಕ ಬ್ಯಾಗುಗಳನ್ನೂ ಹಿಂದಿರುಗಿಸುತ್ತೇವೆ, ಮುಂದೆ ನಿಮ್ಮಲ್ಲಿ ಕೊಳ್ಳುವುದಿಲ್ಲ ಎಂದು ಬರೆದಿತ್ತು. ಕಾರ್ಖಾನೆ ಉಸಿರಾಡುತ್ತಿದ್ದುದೇ ಆ ಶಾಲೆಯ ಕೆಲಸದಿಂದ. ಅದು ಹೋದರೆ ಹೊಲಿಗೆ ಯಂತ್ರಗಳನ್ನು ಒಂದೊಂದಾಗಿ ಮಾರಬೇಕಿತ್ತು.

"ಹೋಗಿ ಅಣ್ಣನ ಹತ್ರ ಸಮಾಧಾನವಾಗಿ ಮಾತಾಡಿ," ಎಂದಳು ಹೆಂಡತಿ. ಜಿಪ್ಪು, ರನ್ನರುಗಳನ್ನು ಕೊಟ್ಟಿದ್ದು ಅವಳ ಅಣ್ಣನ ಅಂಗಡಿ.

"ಸಮಾಧಾನವಾಗಿ ನೂರು ಸಲ ಮಾತಾಡಾಯ್ತು."

ಅವನು ಮಾತಾಡಿದ್ದು ಫೋನಿನಲ್ಲಿ ಕಳಿಸುವ ಧ್ವನಿ ಸಂದೇಶಗಳಲ್ಲಿ. ಅದರಲ್ಲಿ ಸಮಾಧಾನ ಎಲ್ಲಿತ್ತೋ ದೇವರೇ ಬಲ್ಲ.

ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೂ ಜಿಪ್ ಸುರುಳಿಗಳು. ಒಂದನ್ನು ಬಿಚ್ಚಿ ಎಳೆಯುತ್ತಾ ಹೋದರೆ ಚಂದ್ರನನ್ನು ಮುಟ್ಟಿ ಬರಬಹುದು ಎಂದು ತೋಪು ಎಲ್ಲರಿಗೂ ಹೇಳುತ್ತಿದ್ದ. ಅವನನ್ನು ಕಂಡು ಹೆಂಡತಿಯ ಅಣ್ಣ ನಕ್ಕ. ಇವನು ಅವನನ್ನು ಭಾವ ಎನ್ನುತ್ತಿದ್ದ, ಅವನು ಇವನನ್ನೂ ಭಾವ ಎನ್ನುತ್ತಿದ್ದ. ಇಬ್ಬರು ಜಗಳಕ್ಕೆ ನಿಂತರೆ ಯಾರು ಯಾರಿಗೆ ಬೈದರೆಂದು ಗೋಡೆಯಾಚೆಯವರಿಗೆ ತಿಳಿಯುತ್ತಿರಲಿಲ್ಲ.

"ಬನ್ನಿ ಭಾವ. ನಿಮ್ಮ ಸಂದೇಶಾನ ಮಕ್ಕಳಿಗೂ ಕೇಳಿಸ್ತೀನಿ. ಟಿವಿ ಬೇಡ ಅಂತಾರೆ," ಎಂದು ಅವನು ಫೋನು ಒತ್ತಿದ. ತೋಪಿನದೇ ದನಿ ಅಂಗಡಿ ತುಂಬಿತು: ಸಾವಿರ ಬ್ಯಾಗು ವಾಪಸ್ ಬಂದಿವೆ, ನಿನ್ನ ರನ್ನರ್ ಒಂದಾದರೂ ನೆಟ್ಟಗಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೀನಿ, ಇದಕ್ಕಿಂತ ಪಿನ್ನು ಚುಚ್ಚಿ ಕೊಟ್ಟಿದ್ದರೆ ಚೆನ್ನಾಗಿತ್ತು.

"ನಾನು ಕೊಟ್ಟಿದ್ದೇ ಆರುನೂರು ರನ್ನರ್. ಮಿಕ್ಕ ನಾನೂರು ಬ್ಯಾಗು ಯಾರ ಮಾವನ ಮನೆಯಿಂದ ಬಂತು?"

"ನಿಮ್ಮ ಅಪ್ಪನ ಮನೆಯಿಂದಲೇ, ನನಗೆ ಮಾವ ಅವರೇ ತಾನೇ," ಎಂದ ತೋಪು. ಇಬ್ಬರೂ ನಕ್ಕರು. ಬಳಿಕ ತೋಪು ಸಂಚಿಯಿಂದ ಒಂದು ಬ್ಯಾಗು ತೆಗೆದು ಮುಂದಿಟ್ಟ. ಭಾವ ರನ್ನರನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಅವನ ನಗು ನಿಂತಿತು.

"ಇಕ್ಕಳ ಹಾಕಿದ್ದೀರಲ್ಲ ಭಾವ."

ಹಾಕಿದ್ದ. ರನ್ನರ್ ಸಡಿಲವಾದರೆ ಅದರ ಎರಡು ಪಕ್ಕ ಇಕ್ಕಳದಿಂದ ಅದುಮಿದರೆ ಸ್ವಲ್ಪ ದಿನ ಹಲ್ಲು ಕಚ್ಚುತ್ತದೆ. ಬ್ಯಾಗು ಹೊಲಿಯುವವರೆಲ್ಲ ನಿದ್ದೆಯಲ್ಲೂ ಮಾಡುವ ಕೆಲಸ ಅದು. ವಾಪಸ್ ಬಂದ ಬ್ಯಾಗಿಗೆಲ್ಲ ತೋಪಿನ ಕೆಲಸದವರು ಅದನ್ನೇ ಮಾಡಿದ್ದರು, ಆದರೂ ಹಲ್ಲು ಕಚ್ಚಿರಲಿಲ್ಲ.

"ನಾನು ತಯಾರು ಮಾಡೋನಲ್ಲ, ತಂದು ಮಾರೋನು. ಇದನ್ನ ರನ್ನರ್ ಫ್ಯಾಕ್ಟರಿಯವರಿಗೆ ತೋರಿಸಿದ್ರೆ ನೀವೇ ಅದುಮಿ ಹಾಳು ಮಾಡಿದ್ದು ಅಂತಾರೆ. ನಾನು ಏನು ಹೇಳಲಿ? ನಮ್ಮ ಭಾವನ ಗಂಟಲು ದೊಡ್ಡದು ಅಂತಲೇ?"

ತೋಪು ಮನೆಗೆ ಬಂದಾಗ ಅವನ ನೆರಳು ಕೂಡ ಅವನಿಗಿಂತ ನಾಲ್ಕು ಹೆಜ್ಜೆ ಹಿಂದೆ ಬೀಳುತ್ತಾ ನಡೆಯುತ್ತಿತ್ತು.

ಹೆಂಡತಿ ಮದುವೆಗೆ ಮೊದಲು ವಿಮೆ ಕಚೇರಿಯಲ್ಲಿ, ಜನ ಪರಿಹಾರ ಕೇಳಿ ಬರೆದ ಕಾಗದಗಳನ್ನು ನೋಡುವ ಕೆಲಸದಲ್ಲಿದ್ದಳು. ಅವನ ಫೋನಿನ ಸಂದೇಶಗಳನ್ನೆಲ್ಲ ಒಮ್ಮೆ ಕೇಳಿದಳು. ಕೇಳಿದ ಮೇಲೆ ಕಿವಿಗೆ ಎಣ್ಣೆ ಬಿಟ್ಟುಕೊಳ್ಳಬೇಕಿತ್ತು, ಅವಳು ಬಿಟ್ಟುಕೊಳ್ಳಲಿಲ್ಲ.

"ಇದರಲ್ಲಿ ಯಾವ ಸರಕು, ಯಾವ ಬಿಲ್ಲು, ಯಾವತ್ತು ಬಂತು, ಏನಾಗಿದೆ, ನಮಗೆ ಏನು ಬೇಕು, ಒಂದೂ ಇಲ್ಲ. ಮೀಸೆ ಮಾತ್ರ ಇದೆ."

"ಸ್ವಂತ ಅಣ್ಣನಿಗೆ ಬಿಲ್ ನಂಬರ್ ಹೇಳಬೇಕೇನೇ?"

"ಅಣ್ಣನಿಗೆ ಬೇಡ. ಅಣ್ಣ ಅದನ್ನ ಯಾರಿಗೆ ತೋರಿಸ್ತಾನೋ ಅವರಿಗೆ ಬೇಕು."

ಬರೆಯಲು ಕೂತರು. ತೋಪು ಹೇಳುತ್ತಾ ಹೋದ, ಅವಳು ಹೊಡೆದುಹಾಕುತ್ತಾ ಹೋದಳು. ಸಾವಿರ ಎಂಬಲ್ಲಿ ಎಣಿಸಿ ಬನ್ನಿ ಎಂದಳು. ಎಣಿಸಿದರೆ ವಾಪಸ್ ಬಂದಿದ್ದು ನೂರ ನಲವತ್ತು. ಅಷ್ಟು ಸಣ್ಣ ಸಂಖ್ಯೆಯನ್ನು ಬಾಯಿಂದ ಹೊರಡಿಸಲು ಅವನಿಗೆ ಮುಳ್ಳು ನುಂಗಿದ ಹಾಗಾಯಿತು. ಎಲ್ಲವೂ ಕೆಟ್ಟಿವೆ ಎಂಬಲ್ಲಿ, ಪರೀಕ್ಷಿಸಿದ್ದೀರಾ ಎಂದಳು. ಕೊನೆಗೆ ಇಕ್ಕಳದ ಸಂಗತಿ ಬಂತು.

"ಅದನ್ನ ಬರೀಬೇಡ. ನಮ್ಮ ಕುತ್ತಿಗೆಗೆ ನಾವೇ ಹಗ್ಗ ಕೊಟ್ಟ ಹಾಗೆ."

"ಅವನು ಆಗಲೇ ನೋಡಿದ್ದಾನೆ. ಮುಚ್ಚಿಟ್ರೆ ಮಿಕ್ಕಿದ್ದನ್ನೂ ಯಾರೂ ನಂಬಲ್ಲ. ಅದುಮಿದ್ದೇವೆ, ಅವನ್ನ ಸಾಕ್ಷಿಗೆ ಇಟ್ಟಿಲ್ಲ ಅಂತ ಬರೀತೀನಿ. ಇಕ್ಕಳ ಮುಟ್ಟದ ಬ್ಯಾಗು ಎಲ್ಲಿವೆ, ಅದನ್ನ ಹೇಳಿ."

ಅವು ಇದ್ದದ್ದು ಶಾಲೆಯ ಉಗ್ರಾಣದಲ್ಲಿ. ಮಕ್ಕಳಿಗೆ ಹಂಚದೆ ಉಳಿದ ಮೂವತ್ತು ಬ್ಯಾಗುಗಳು, ಕಟ್ಟಿದ ಪ್ಲಾಸ್ಟಿಕ್ಕಿನಲ್ಲಿ ಹಾಗೇ ಇದ್ದವು. ತನ್ನನ್ನು ಹೊರಗಟ್ಟಲು ಕೂತಿರುವ ಜಾಗಕ್ಕೆ ತಾನಾಗಿ ಹೋಗಿ, ನನ್ನ ಸರಕು ಎಷ್ಟು ಕೆಟ್ಟಿದೆ ನೋಡೋಣ ಬನ್ನಿ ಎಂದು ಕರೆಯಬೇಕಿತ್ತು. ತೋಪಿನ ಕಾಲು ಆ ಗೇಟಿನ ಬಳಿ ಬೇರು ಬಿಟ್ಟು ಚಿಗುರಿ ಹೂವಾಗುವಷ್ಟು ಹೊತ್ತು ನಿಂತಿತು.

ಉಗ್ರಾಣದ ಮೇಲ್ವಿಚಾರಕಿ ಕನ್ನಡಕದ ಮೇಲಿಂದ ನೋಡಿದರು. "ಏನ್ರೀ, ಹೊಸ ಜಿಪ್ ತಂದ್ರಾ?"

"ಇಲ್ಲಮ್ಮ. ಹಳೇದನ್ನ ನಿಮ್ಮ ಮುಂದೆ ಪರೀಕ್ಷೆ ಮಾಡಬೇಕು. ನೀವು ನೋಡಿದ್ದನ್ನಷ್ಟೇ ಬರೆದು ಸಹಿ ಹಾಕಿಕೊಟ್ರೆ ಸಾಕು."

ಅವರು ಸ್ವಲ್ಪ ಯೋಚಿಸಿ ಕುರ್ಚಿ ಎಳೆದುಕೊಂಡರು. ಪ್ಲಾಸ್ಟಿಕ್ ಕತ್ತರಿಸುವುದರಿಂದ ಹಿಡಿದು, ಜೊತೆಗೆ ಬಂದಿದ್ದ ಹೆಂಡತಿ ಎಲ್ಲವನ್ನೂ ಫೋನಿನಲ್ಲಿ ಚಿತ್ರೀಕರಿಸಿದಳು. ಪ್ರತಿ ಬ್ಯಾಗಿಗೂ ಒಂದೇ ತೂಕದ ಪುಸ್ತಕ ತುಂಬಿ, ಒಂದೇ ಲೆಕ್ಕದಲ್ಲಿ ಜಿಪ್ ಹಾಕಿ ತೆಗೆದರು. ಮೊದಲನೆಯದು ಗಟ್ಟಿಯಾಗಿ ಮುಚ್ಚಿಕೊಂಡಿತು. ಎರಡನೆಯದೂ ಅಷ್ಟೇ. ಜಿಪ್ ಚೆನ್ನಾಗಿದೆ ಎಂದು ಜಗತ್ತಿನಲ್ಲಿ ಇಷ್ಟು ದುಃಖಪಟ್ಟ ಬ್ಯಾಗಿನವನು ಹಿಂದೆ ಹುಟ್ಟಿರಲಿಲ್ಲ. ಮೂರನೆಯದು ಹಿಂದಿನಿಂದ ಬಿಚ್ಚಿಕೊಂಡಿತು. ಮೂವತ್ತು ಮುಗಿಯುವಾಗ ಕೆಟ್ಟವು ಹನ್ನೊಂದು.

"ಹನ್ನೊಂದೇ," ಎಂದ ತೋಪು. ದನಿ ಸೊಳ್ಳೆಯದಾಗಿತ್ತು.

ಹೆಂಡತಿ ಕೆಟ್ಟವನ್ನು ಒಂದು ಕಡೆ, ನೆಟ್ಟಗಿರುವವನ್ನು ಒಂದು ಕಡೆ ಇಟ್ಟು ರನ್ನರುಗಳ ಬೆನ್ನು ನೋಡುತ್ತಿದ್ದಳು. ಅಚ್ಚಿನಿಂದ ಬರುವ ಸಣ್ಣ ಗುರುತು ಅಲ್ಲಿರುತ್ತದೆ. ಕೆಟ್ಟ ಹನ್ನೊಂದರಲ್ಲೂ ಎರಡು ಚುಕ್ಕೆ, ಮಿಕ್ಕವುಗಳಲ್ಲಿ ಒಂದೇ ಚುಕ್ಕೆ. ತೋಪು ಹೊಲಿಗೆ ಬಿಚ್ಚಿ, ಎರಡು ಚುಕ್ಕೆಯದನ್ನು ಒಳ್ಳೆಯ ಜಿಪ್ಪಿಗೆ ಹಾಕಿದ. ಬಿಚ್ಚಿಕೊಂಡಿತು. ಒಂದು ಚುಕ್ಕೆಯದನ್ನು ಕೆಟ್ಟ ಬ್ಯಾಗಿನ ಜಿಪ್ಪಿಗೆ ಹಾಕಿದ. ನಿಂತಿತು. ಇನ್ನೂ ಎರಡು ಜೋಡಿ ಹಾಗೇ ಅದಲುಬದಲು ಮಾಡಿದ, ಫಲ ಬದಲಾಗಲಿಲ್ಲ. ತಪ್ಪು ಜಿಪ್ಪಿನ ಹಲ್ಲಿನದಲ್ಲ, ಆ ಒಂದು ಬಗೆಯ ರನ್ನರಿನದು.

ಮೇಲ್ವಿಚಾರಕಿ ನೋಡಿದ್ದನ್ನು ನೋಡಿದ ಹಾಗೆ ಬರೆದು ಸಹಿ ಹಾಕಿದರು. "ಇಷ್ಟನ್ನ ಮೊದಲೇ ಮಾಡಿದ್ರೆ ಆ ಪತ್ರ ಬರೆಯೋದು ತಪ್ಪುತ್ತಿತ್ತು," ಎಂದರು. ತೋಪು ಬಿಚ್ಚಿದ ಬ್ಯಾಗುಗಳನ್ನು ಒಟ್ಟು ಮಾಡತೊಡಗಿದ.

ಎರಡು ಪುಟ ಸಿದ್ಧವಾಯಿತು. ಬಿಲ್ಲಿನ ಸಂಖ್ಯೆ, ತಲುಪಿದ ದಿನ, ದೋಷ ಹೇಗೆ ಕಾಣುತ್ತದೆ, ಪರೀಕ್ಷೆ ಹೇಗೆ ನಡೆಯಿತು, ಯಾರ ಎದುರು ನಡೆಯಿತು. ಜೊತೆಗೆ ಬಿಲ್ಲಿನ ಪ್ರತಿ, ಶಾಲೆಯ ಪತ್ರ, ಚಿತ್ರಗಳು, ಕಾರ್ಖಾನೆಯಲ್ಲಿ ಉಳಿದಿದ್ದ ರನ್ನರ್ ಪೊಟ್ಟಣಗಳ ಚೀಟಿಯ ಫೋಟೊ. ಕೆಟ್ಟ ರನ್ನರುಗಳಲ್ಲಿ ಆರನ್ನು ಮಾದರಿಗೆಂದು ಲಕೋಟೆಯಲ್ಲಿ ಹಾಕಿದರು, ಐದನ್ನು ತಮ್ಮಲ್ಲೇ ಇಟ್ಟುಕೊಂಡರು. ವಾಪಸ್ ಬಂದ ಬ್ಯಾಗುಗಳನ್ನು ಇಕ್ಕಳದಿಂದ ಅದುಮಿದ್ದೂ ಇತ್ತು. ಎರಡು ಚುಕ್ಕೆಯ ರನ್ನರುಗಳ ಬದಲು ಬೇರೆ ಅಚ್ಚಿನವು ಬೇಕು, ಬದಲಾಯಿಸುವ ಹೊಲಿಗೆ ಕೂಲಿ ಬೇಕು, ಉಳಿದ ಪೊಟ್ಟಣಗಳನ್ನು ಹಿಂದಕ್ಕೆ ಪಡೆಯಬೇಕು ಎಂದು ಕೇಳಿತ್ತು.

ಕೊನೆಯ ಸಾಲಿಗೆ ಬಂದಾಗ ಅವಳ ಕೈ ನಿಂತಿತು. ಹೇಳಿದ ದಿನದೊಳಗೆ ಉತ್ತರ ಬರದಿದ್ದರೆ ಬೇರೆ ಕಡೆ ಕೊಂಡು, ಆದ ಹೆಚ್ಚಿನ ಖರ್ಚನ್ನು ನಿಮ್ಮಿಂದ ಕೇಳುತ್ತೇವೆ ಎಂಬ ಸಾಲು ಅದು.

"ಇದು ಬೇಡ ಕಣೇ. ನಿನ್ನ ಅಣ್ಣ," ಎಂದ ತೋಪು.

"ಇದಿಲ್ಲದಿದ್ರೆ ಅವನು ನಾಳೆ ನೋಡೋಣ ಅಂತಾನೆ. ನಾಳೆ ಅಂದ್ರೆ ಶಾಲೆ ತೆರೆದಿರುತ್ತೆ." ಬರೆದಳು. ಬರೆದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ನೀರು ಬಹಳ ಹೊತ್ತು ಸುಮ್ಮನೆ ಹರಿಯಿತು.

ಪತ್ರ ಕೊಡಲು ತೋಪೇ ಹೋದ. ಭಾವ ಓದುತ್ತಾ ಬಂದವನು ಮಾನ್ಯರೇ ಎಂಬಲ್ಲಿಗೆ ಮತ್ತೆ ಹೋಗಿ ಬೆರಳಿಟ್ಟ. "ಅಕ್ಷರ ತಂಗೀದು."

"ಹೌದು."

"ಬೈದಿದ್ರೆ ನಕ್ಕುಬಿಡ್ತಿದ್ದೆ ಭಾವ." ಅವನು ಇನ್ನೊಂದು ಪ್ರತಿಯ ಮೇಲೆ ತಲುಪಿದೆ ಎಂದು ಬರೆದು, ಅಂಗಡಿಯ ಮೊಹರು ಒತ್ತಿ ಕೊಟ್ಟ. ಚಹಾ ತರಿಸಲಿಲ್ಲ.

ಆಮೇಲೆ ಬಂದ ಮೌನ ಎಂಥದ್ದೆಂದರೆ, ಹೊಲಿಗೆ ಯಂತ್ರಗಳು ಕೂಡ ತುದಿಗಾಲಲ್ಲಿ ಓಡುತ್ತಿದ್ದವು. ಫೋನು ಸದ್ದಾದಾಗಲೆಲ್ಲ ಹೆಂಡತಿ ತಲೆ ಎತ್ತುತ್ತಿದ್ದಳು. ಅಣ್ಣ ದಿನಾ ಸಂಜೆ ಮಾಡುತ್ತಿದ್ದ ಕರೆ ನಿಂತಿತ್ತು.

ಹೇಳಿದ ದಿನಕ್ಕೆ ಮುಂಚೆ ಅವನೇ ಬಂದ. ಪೊಟ್ಟಣಗಳ ಪೆಟ್ಟಿಗೆ ಮೇಜಿನ ಮೇಲಿಟ್ಟ.

"ಫ್ಯಾಕ್ಟರಿಯವರು ಒಪ್ಪಿದ್ರು. ಎರಡು ಚುಕ್ಕೆ ಅಚ್ಚು ಸವೆದಿತ್ತಂತೆ. ನನ್ನಂಥ ಎಷ್ಟೋ ಅಂಗಡಿಯವರು ಬಾಯಲ್ಲಿ ಕೂಗಾಡಿದ್ರಂತೆ, ಹೀಗೆ ಕೈಗೆ ಕೊಟ್ಟವರಿಲ್ಲ ಅಂದ್ರು. ರನ್ನರ್ ಬದಲಿ ಪೂರ್ತಿ. ಕೂಲಿ ಮಾತ್ರ ಕೊಡಲ್ಲ ಅಂದ್ರು. ಅರ್ಧ ನಾನು ಕೊಡ್ತೀನಿ, ಅದಕ್ಕಿಂತ ಆಗಲ್ಲ." ಅಷ್ಟನ್ನೂ ಬರೆದು ತಂದಿದ್ದ ಕಾಗದವನ್ನು ತಂಗಿಯ ಮುಂದೆ ಚಾಚಿದ. ಅದರ ಮೇಲೂ ಮಾನ್ಯರೇ ಎಂದಿತ್ತು.

"ಅರ್ಧ ಸಾಕು," ಎಂದಳು ಅವಳು. "ಕೂತ್ಕೋ ಅಣ್ಣ."

"ಬೇಡ. ಪೊಟ್ಟಣ ಬಿಚ್ಚಿ ನೋಡಿ, ಆಮೇಲೆ ಸಹಿ ಮಾಡಿ." ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದವನು ಗಿರಾಕಿಗೆ ಹೇಳುವ ಹಾಗೆ ಹೇಳಿದ.

ನೋಡದೆಯೇ ಸಹಿ ಮಾಡಿಬಿಡಲು ಅವಳ ಕೈ ಪೆನ್ನಿನವರೆಗೂ ಹೋಯಿತು. ಅಲ್ಲಿಂದ ಹಿಂದೆ ಬಂದು ಮೊದಲ ಪೊಟ್ಟಣ ಬಿಚ್ಚಿತು. ಪ್ರತಿ ಪೊಟ್ಟಣದಿಂದ ಕೆಲವನ್ನು ತೆಗೆದು ಬೆನ್ನು ನೋಡಿದಳು, ತೋಪು ಅವನ್ನು ಜಿಪ್ ತುಂಡಿಗೆ ಹಾಕಿ ಎಳೆದ. ಅಣ್ಣ ಗೋಡೆಗೆ ಒರಗಿ ನಿಂತೇ ಇದ್ದ. ತೋಪಿಗೆ ಮಾವನ ಮನೆಯ ಹಳೆಯ ತಮಾಷೆ ನಾಲಿಗೆಯ ತುದಿಗೆ ಬಂತು. ಎರಡು ಸಲ ಬಂತು. ಎರಡು ಸಲವೂ ನುಂಗಿದ.

ಎಲ್ಲವೂ ನೆಟ್ಟಗಿದ್ದವು. ಅವಳು ಸಹಿ ಮಾಡಿದಳು. ಅಣ್ಣ ತನ್ನ ಪ್ರತಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಎರಡು ಚುಕ್ಕೆಯ ಹಳೆಯ ಪೊಟ್ಟಣಗಳನ್ನು ಎತ್ತಿಕೊಂಡು ಹೊರಟ.

ಶಾಲೆ ತೆರೆಯುವುದರೊಳಗೆ ಬ್ಯಾಗುಗಳು ಹೋದವು, ಮೇಲ್ವಿಚಾರಕಿ ಮುಂದಿನ ಸಾಲಿನ ಕೆಲಸದ ಬಗ್ಗೆ ಮಾತೂ ಆಡಿದರು. ಆ ಸಂಜೆ ತೋಪು ಫೋನು ಬಾಯಿಯ ಹತ್ತಿರ ಹಿಡಿದ. ಬೆಟ್ಟ ಉರುಳಿಸುವ ಆ ಗಂಟಲಿನಿಂದ ಹೊರಟಿದ್ದು ಇಷ್ಟೇ: "ಭಾವ, ರನ್ನರ್ ಸರಿಯಾಗಿದೆ. ತಂಗಿ ಕಾಯ್ತಿದ್ದಾಳೆ."

ಆಚೆಯವನು ಕೇಳಿಸಿಕೊಂಡ ಗುರುತು ಪರದೆಯ ಮೇಲೆ ಮೂಡಿತು. ಗಂಡ ಹೆಂಡತಿ ಇಬ್ಬರೂ ಅದನ್ನೇ ನೋಡುತ್ತಾ ಕೂತರು.